ಡಾಂಬರಿಗಿಂತ ಮೊದಲು ಅಡ್ಡಮೋರಿ: ಮುಖ್ಯರಸ್ತೆ ಮತ್ತು ಚರಂಡಿಯ ಬಗ್ಗೆ ಶಾಸಕರಿಗೆ ಬಹಿರಂಗ ಮನವಿ ಪತ್ರ

ಇಂದ: ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ
ಗೆ: ಕ್ಷೇತ್ರದ ಮಾನ್ಯ ಶಾಸಕರು

ವಿಷಯ: ಮುಖ್ಯರಸ್ತೆಯ ಮರುಡಾಂಬರೀಕರಣವನ್ನು ತಡೆಹಿಡಿದು, ಮೊದಲು ಅಡ್ಡಮೋರಿ ಮತ್ತು ಚರಂಡಿಯ ಕೊನೆಯ ಭಾಗವನ್ನು ಸರಿಪಡಿಸುವ ಬಗ್ಗೆ.

ಮಾನ್ಯ ಶಾಸಕರೇ,

ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಮತ್ತೊಮ್ಮೆ ಡಾಂಬರು ಹಾಕಲು ಅಂದಾಜು ಪಟ್ಟಿ ತಯಾರಾಗುತ್ತಿದೆ ಎಂದು ನಗರಸಭೆಯ ಕಚೇರಿಯಲ್ಲಿ ನಮಗೆ ತಿಳಿಸಲಾಗಿದೆ. ತಾವು ಈ ರಸ್ತೆಯ ಬಗ್ಗೆ ಕಾಳಜಿ ವಹಿಸಿದ್ದಕ್ಕೆ ಸಂಘವು ಕೃತಜ್ಞವಾಗಿದೆ. ಆದರೆ ರಸ್ತೆ ಮಾಡಿಸಿಕೊಡಿ ಎಂದು ಕೇಳಿಕೊಂಡು ತಮ್ಮ ಬಳಿಗೆ ಮೂರು ಬಾರಿ ಬಂದಿದ್ದ ನಾವೇ ಈಗ, ಸದ್ಯಕ್ಕೆ ಡಾಂಬರು ಹಾಕಿಸಬೇಡಿ ಎಂದು ಬರೆಯಬೇಕಾಗಿ ಬಂದಿದೆ. ಕಾರಣವನ್ನು ವಿವರವಾಗಿ ತಿಳಿಸದೆ ಹೋದರೆ ಈ ಮಾತು ವಿಚಿತ್ರವಾಗಿ ಕಾಣಬಹುದಾದ್ದರಿಂದ ಪತ್ರ ಸ್ವಲ್ಪ ದೀರ್ಘವಾಗಿದೆ. ಬಡಾವಣೆಯ ಎಲ್ಲರಿಗೂ ಇದರ ಹಿನ್ನೆಲೆ ತಿಳಿದಿರಲಿ ಎಂಬ ಉದ್ದೇಶದಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಮುಖ್ಯರಸ್ತೆಯ ಉದ್ದ 380 ಮೀಟರ್. ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ನೆಲ ಸುಮಾರು 1.3 ಮೀಟರ್ ಇಳಿಯುತ್ತದೆ. ರಸ್ತೆಯ ಒಂದು ಬದಿಯಲ್ಲಿ 60 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಕಾಂಕ್ರೀಟ್ ಚರಂಡಿ ಇದೆ. ಬಡಾವಣೆಯ ಅಡ್ಡರಸ್ತೆಗಳ ಮಳೆನೀರೆಲ್ಲ ಈ ಚರಂಡಿಗೆ ಬಂದು, ಪಶ್ಚಿಮದ ತುದಿಯಲ್ಲಿರುವ ಅಡ್ಡಮೋರಿಯ ಮೂಲಕ ರಸ್ತೆಯನ್ನು ದಾಟಿ ಹಳ್ಳಕ್ಕೆ ಸೇರುತ್ತದೆ. ನೀರಿಗೆ ಬೇರೆ ದಾರಿ ಇಲ್ಲ.

ಕಳೆದ ಏಳು ವರ್ಷಗಳಲ್ಲಿ ಈ ರಸ್ತೆಗೆ ಮೂರು ಸಲ ಡಾಂಬರು ಹಾಕಲಾಗಿದೆ. ಕೊನೆಯದು ಹದಿನಾಲ್ಕು ತಿಂಗಳ ಹಿಂದೆ. ಮೂರು ಸಲವೂ ರಸ್ತೆ ಕಿತ್ತುಹೋದದ್ದು ಒಂದೇ ಜಾಗದಲ್ಲಿ, ಅಂದರೆ ಅಡ್ಡಮೋರಿಗೆ ಹತ್ತಿರದ ಕೊನೆಯ 100 ಮೀಟರಿನಲ್ಲಿ ಮತ್ತು ಅಲ್ಲಿಂದ ಸ್ವಲ್ಪ ಮೇಲಿನವರೆಗೆ ಚರಂಡಿಯ ಅಂಚಿನುದ್ದಕ್ಕೂ. ಪೂರ್ವದ ಕಡೆಯ ಸುಮಾರು 250 ಮೀಟರ್ ರಸ್ತೆ ಇವತ್ತಿಗೂ ಗಟ್ಟಿಯಾಗಿದೆ. ಎರಡೂ ಭಾಗಗಳಿಗೆ ಡಾಂಬರು ಹಾಕಿದವರು ಒಬ್ಬರೇ ಗುತ್ತಿಗೆದಾರರು; ಒಂದೇ ಘಟಕದಿಂದ ಬಂದ ಮಿಶ್ರಣವನ್ನು ಒಂದೇ ದಿನ, ಅದೇ ರೋಲರ್ ಓಡಿಸಿ ಹಾಸಿದ್ದರು. ಎರಡೂ ಭಾಗಗಳ ಮೇಲೆ ಓಡಾಡುವ ವಾಹನಗಳೂ ಒಂದೇ. ಕಳಪೆ ಡಾಂಬರೇ ಮುಖ್ಯ ಕಾರಣವಾಗಿದ್ದರೆ ಇಡೀ ರಸ್ತೆ ಒಂದೇ ರೀತಿ ಹಾಳಾಗಬೇಕಿತ್ತು. ಮೊದಲ ಎರಡು ಸಲ ನಾವು ಗುತ್ತಿಗೆದಾರರನ್ನೇ ದೂರಿದ್ದೆವು. ಸಭೆಗಳಲ್ಲಿ ಕಟುವಾಗಿಯೇ ಮಾತನಾಡಿದ್ದೆವು. ಆ ದೂರಿನಲ್ಲಿ ಅರ್ಧ ಅನ್ಯಾಯವಿತ್ತೆಂದು ಈಗ ಅನ್ನಿಸುತ್ತದೆ. ಉಳಿದ ಅರ್ಧದ ವಿಷಯಕ್ಕೆ ಮುಂದೆ ಬರುತ್ತೇವೆ.

ಎರಡು ಭಾಗಗಳ ನಡುವೆ ನಮಗೆ ಕಂಡ ವ್ಯತ್ಯಾಸ ನೀರೊಂದೇ. ಮಳೆ ನಿಂತು ಮೂರು ದಿನ ಕಳೆದ ಮೇಲೆ ಚರಂಡಿಯ ಚಪ್ಪಡಿಗಳನ್ನು ಅಲ್ಲಲ್ಲಿ ಎತ್ತಿ ನೋಡಿದೆವು. ಪೂರ್ವದ ಕಡೆ ಚರಂಡಿಯ ತಳ ಒಣಗಿತ್ತು. ಪಶ್ಚಿಮದ ಕೊನೆಯ 60 ಮೀಟರಿನಲ್ಲಿ ಮಾತ್ರ ಕಪ್ಪು ನೀರು ಅಲುಗಾಡದೆ ನಿಂತಿತ್ತು. ಹರಿಯುವ ಚರಂಡಿಯಲ್ಲಿ ಮಳೆ ನಿಂತ ಮೂರು ದಿನಗಳ ನಂತರವೂ ನೀರು ಇದ್ದರೆ, ಮುಂದೆ ಎಲ್ಲೋ ತಡೆ ಇದೆ ಅಥವಾ ತಳ ಏರಿದೆ ಎಂದರ್ಥ. ಮೊದಲು ತಡೆಯನ್ನು ಹುಡುಕಿದೆವು. ಹೂಳು ತೆಗೆಸಿದ ಮೇಲೂ ನೀರು ಹಾಗೆಯೇ ನಿಂತಿತು. ಹಾಗಾಗಿ ಮಟ್ಟವನ್ನು ಅಳೆಯಬೇಕಾಯಿತು.

ಅಳೆಯಲು ಬಳಸಿದ್ದು ಗಾರೆ ಕೆಲಸದವರೆಲ್ಲರ ಬಳಿ ಇರುವ ಟ್ಯೂಬ್ ಲೆವೆಲ್. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳನ್ನೂ ಮೇಲೆತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಗೆರೆಯಿಂದ ಚರಂಡಿಯ ತಳ ಎಷ್ಟು ಕೆಳಗಿದೆ ಎಂದು ಟೇಪಿನಲ್ಲಿ ಅಳೆದರೆ ಸಾಕು. ಕೊಳವೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆಯಾದ್ದರಿಂದ ಪ್ರತಿ ಅಳತೆಯನ್ನೂ ಎರಡು ಸಲ ತೆಗೆದೆವು. ಪ್ರತಿ 20 ಮೀಟರಿಗೊಮ್ಮೆ ಅಳೆದಾಗ ತಿಳಿದದ್ದು ಇಷ್ಟು: ಪೂರ್ವದಿಂದ 320 ಮೀಟರಿನವರೆಗೆ ಚರಂಡಿಯ ತಳ ಸರಿಯಾಗಿಯೇ ಇಳಿಯುತ್ತಾ ಬರುತ್ತದೆ. ಅಲ್ಲಿಂದ ಮುಂದೆ ಅದು ಏರತೊಡಗುತ್ತದೆ. ಅಡ್ಡಮೋರಿಯ ಬಾಯಿಯ ತಳವು 60 ಮೀಟರ್ ಹಿಂದಿನ ಚರಂಡಿಯ ತಳಕ್ಕಿಂತ 18 ಸೆಂಟಿಮೀಟರ್ ಎತ್ತರದಲ್ಲಿದೆ. ಅಂದರೆ ಆ 60 ಮೀಟರ್ ಚರಂಡಿ, ಚರಂಡಿಯ ಆಕಾರದಲ್ಲಿರುವ ಒಂದು ತೊಟ್ಟಿ. ಅದು 18 ಸೆಂಟಿಮೀಟರ್ ತುಂಬುವವರೆಗೆ ಒಂದು ಹನಿ ನೀರೂ ಹೊರಗೆ ಹೋಗುವುದಿಲ್ಲ. ನೀರು ನಿಂತಲ್ಲಿ ಹೂಳು ಇಳಿಯುವುದು ಸಹಜ. ಆದ್ದರಿಂದಲೇ ಪ್ರತಿ ವರ್ಷ ಎತ್ತಿಸಿದ ಹೂಳು ಎರಡೇ ಮಳೆಗೆ ಮತ್ತೆ ಅಲ್ಲಿಯೇ ತುಂಬಿಕೊಳ್ಳುತ್ತದೆ.

ಇದು ಯಾಕೆ ಹೀಗಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅಡ್ಡಮೋರಿ ಹಳೆಯದು. ಬಡಾವಣೆಯ ಅರ್ಧದಷ್ಟು ನಿವೇಶನಗಳು ಖಾಲಿಯಿದ್ದು, ಚರಂಡಿ ಇನ್ನೂ ಮಣ್ಣಿನ ಕಾಲುವೆಯಾಗಿದ್ದಾಗ ಹಾಕಿದ್ದು. ಆಮೇಲೆ ಕಾಂಕ್ರೀಟ್ ಚರಂಡಿ ಕಟ್ಟಿದವರು ಪೂರ್ವದಿಂದ ಶುರುಮಾಡಿ, ನೆಲದ ಇಳಿಜಾರನ್ನು ಅನುಸರಿಸಿ ಬಂದು, ಕೊನೆಯಲ್ಲಿ ಹಳೆಯ ಮೋರಿಯ ಬಾಯಿಗೆ ಜೋಡಿಸಬೇಕಾದಾಗ ತಳವನ್ನು ಎತ್ತಿದ್ದಾರೆ. ಚರಂಡಿಯ ಮಟ್ಟವನ್ನು ನೀರು ಹೊರಹೋಗುವ ತುದಿಯಿಂದ ಹಿಂದಕ್ಕೆ ನಿಗದಿಪಡಿಸುತ್ತಾ ಬರಬೇಕೆಂಬುದು ಈ ಕೆಲಸದ ಮೊದಲ ಪಾಠ. ಇಲ್ಲಿ ಅದು ತಲೆಕೆಳಗಾಗಿದೆ.

ಇನ್ನು ಅಡ್ಡಮೋರಿಯ ಗಾತ್ರದ ಪ್ರಶ್ನೆ. ಅಲ್ಲಿರುವುದು 450 ಮಿಲಿಮೀಟರ್ ವ್ಯಾಸದ ಒಂದೇ ಒಂದು ಹ್ಯೂಮ್ ಪೈಪು. ಈ ಚರಂಡಿಗೆ ನೀರು ಕೊಡುವ ಪ್ರದೇಶವನ್ನು ಬಡಾವಣೆಯ ನಕ್ಷೆಯಲ್ಲಿ ಗುರುತಿಸಿದಾಗ ಸುಮಾರು 6 ಹೆಕ್ಟೇರ್ ಆಯಿತು. ಅದರ ಮೇಲೆ ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದರೆ ಸೆಕೆಂಡಿಗೆ 1,000 ಲೀಟರ್ ನೀರು ಬೀಳುತ್ತದೆ. ಅಷ್ಟು ಜೋರಿನ ಮಳೆ ಇಡೀ ಗಂಟೆ ಬೀಳುವುದು ಅಪರೂಪ, ಆದರೆ ಇಪ್ಪತ್ತು ನಿಮಿಷ ಹಾಗೆ ಬೀಳುವುದನ್ನು ನಾವು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ. ಒಂದು ಕಾಲದಲ್ಲಿ ಇದರಲ್ಲಿ ಹೆಚ್ಚಿನ ಪಾಲು ಖಾಲಿ ನಿವೇಶನಗಳ ಮಣ್ಣಿನಲ್ಲಿ ಇಂಗುತ್ತಿತ್ತು. ಈಗ ತಾರಸಿ, ಕಾಂಕ್ರೀಟ್ ಅಂಗಳ, ಡಾಂಬರುಗಳೇ ತುಂಬಿರುವುದರಿಂದ ಹತ್ತರಲ್ಲಿ ಎಂಟು ಪಾಲು ಹರಿದು ಬರುತ್ತದೆಂದು ಲೆಕ್ಕ ಹಿಡಿಯಬೇಕಾಗುತ್ತದೆ. ಹಾಗಾಗಿ ಅಡ್ಡಮೋರಿಯ ಬಾಯಿಗೆ ಬರುವುದು ಸೆಕೆಂಡಿಗೆ ಸುಮಾರು 800 ಲೀಟರ್.

ಈ ಪೈಪು ಸಾಧಾರಣ ಇಳಿಜಾರಿನಲ್ಲಿ, ಒಳಗೆ ಹೂಳಿಲ್ಲದಾಗ, ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 160 ಲೀಟರ್ ಸಾಗಿಸಬಲ್ಲದು. ಬಾಯಿಯ ಮುಂದೆ ನೀರು ಏರಿ ಒತ್ತಡ ಬಿದ್ದಾಗ ಇದು ಹೆಚ್ಚಾಗುತ್ತದೆ. ಉದಾರವಾಗಿ 300 ಲೀಟರ್ ಎಂದೇ ಇಟ್ಟುಕೊಳ್ಳೋಣ. ಉಳಿದ 500 ಲೀಟರ್ ಪ್ರತಿ ಸೆಕೆಂಡಿಗೂ ಹಿಂದೆ ಉಳಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಅದು ಆರು ಲಕ್ಷ ಲೀಟರ್. ಚರಂಡಿ ತುಂಬಿದ ಮೇಲೆ ಈ ನೀರು ನಿಲ್ಲುವುದು ರಸ್ತೆಯ ಮೇಲೆ, ಮತ್ತು ರಸ್ತೆಗಿಂತ ತಗ್ಗಿನಲ್ಲಿರುವ ಹದಿನಾಲ್ಕು ಮನೆಗಳ ಅಂಗಳದಲ್ಲಿ. ಆ ಮನೆಗಳ ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಇಂದಿಗೂ ಇದೆ. ತಾವು ಬಂದಾಗ ತೋರಿಸುತ್ತೇವೆ.

ಈ ಲೆಕ್ಕದಲ್ಲಿ ನಮ್ಮಿಂದ ಸಣ್ಣಪುಟ್ಟ ತಪ್ಪು ಆಗಿರಬಹುದು. ಮಳೆಯ ತೀವ್ರತೆಯನ್ನು ಎಂಜಿನಿಯರುಗಳು ಬೇರೆಯಾಗಿ ಹಿಡಿಯಬಹುದು, ಹರಿದು ಬರುವ ಪಾಲು ಎಂಟರ ಬದಲು ಏಳು ಆಗಬಹುದು. ಆದರೆ ಎಷ್ಟು ಕಡಿಮೆ ಹಿಡಿದರೂ ಬರುವ ನೀರು ಹೊರಹೋಗುವ ನೀರಿನ ಎರಡರಷ್ಟಕ್ಕಿಂತ ಕೆಳಗಿಳಿಯುವುದಿಲ್ಲ. ಎರಡು ವರ್ಷಗಳ ಹಿಂದೆ ಚರಂಡಿಯನ್ನು ಅಗಲ ಮಾಡುವ ಪ್ರಸ್ತಾವ ಬಂದಿತ್ತು. ಕೊರಳು ಕಿರಿದಾಗಿಯೇ ಉಳಿದರೆ ಹೊಟ್ಟೆಯನ್ನು ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನವಿಲ್ಲ ಎಂದು ಆಗಲೇ ಹೇಳಬೇಕಿತ್ತು. ನಮಗೆ ಆಗ ತಿಳಿದಿರಲಿಲ್ಲ.

ನೀರು ನಿಂತರೆ ರಸ್ತೆ ಹೇಗೆ ಹಾಳಾಗುತ್ತದೆ ಎಂಬುದನ್ನೂ ಇಲ್ಲಿ ಹೇಳುವುದು ಅಗತ್ಯ. ಡಾಂಬರು ಜಲ್ಲಿಯನ್ನು ಹಿಡಿದಿಡುವ ಅಂಟು. ನೀರು ದಿನಗಟ್ಟಲೆ ನಿಂತಾಗ ಅದು ಸಣ್ಣ ಬಿರುಕುಗಳಿಂದ ಒಳಗೆ ಇಳಿದು, ಜಲ್ಲಿಗೂ ಡಾಂಬರಿಗೂ ನಡುವೆ ಸೇರಿ ಅಂಟನ್ನು ಬಿಡಿಸುತ್ತದೆ. ಇದಕ್ಕಿಂತ ಹೆಚ್ಚಿನ ಹಾನಿ ಆಗುವುದು ಕೆಳಗಿನ ಮಣ್ಣಿನಲ್ಲಿ. ಚರಂಡಿಯಲ್ಲಿ ಸದಾ ನಿಂತಿರುವ ನೀರು ಅದರ ಗೋಡೆಯ ಸಂದುಗಳಿಂದ ರಸ್ತೆಯ ಅಡಿಗೆ ಜಿನುಗುತ್ತಲೇ ಇರುತ್ತದೆ. ನೆನೆದ ಮಣ್ಣು ಭಾರ ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಕಸದ ಲಾರಿಯೋ ನೀರಿನ ಟ್ಯಾಂಕರೋ ಹೋದಾಗಲೆಲ್ಲ ಮೇಲಿನ ಪದರ ಒಂದಿಷ್ಟು ಬಾಗಿ, ಕೊನೆಗೆ ಮೊಸಳೆಯ ಬೆನ್ನಿನಂತೆ ಬಿರುಕು ಬಿಡುತ್ತದೆ. ನಮ್ಮ ರಸ್ತೆಯ ಅಂಚಿನಲ್ಲಿ ಈ ಬಿರುಕನ್ನು ಬರಿಗಣ್ಣಿನಿಂದಲೇ ಕಾಣಬಹುದು. ಬಿರುಕಿನ ಬಾಯಲ್ಲಿ ತಿಳಿಬಣ್ಣದ ನುಣುಪು ಕೆಸರು ಒಸರಿ ಒಣಗಿದ್ದರೆ, ಅಡಿಯ ಮಣ್ಣು ನೆನೆದು ಮೇಲಕ್ಕೆ ಉಕ್ಕುತ್ತಿದೆ ಎಂದು ತಿಳಿಯಬೇಕು. ಅಂಥ ಜಾಗದಲ್ಲಿ ಮೇಲೆ 4 ಸೆಂಟಿಮೀಟರ್ ಡಾಂಬರು ಹಾಸುವುದೆಂದರೆ, ಗಾಯ ಒಳಗೆ ಕೊಳೆಯುತ್ತಿರುವಾಗ ಮೇಲೆ ಪಟ್ಟಿ ಕಟ್ಟಿದಂತೆ.

ಡಾಂಬರು ಹಾಕುವ ಕ್ರಮವೇ ಈ ಸಮಸ್ಯೆಯನ್ನು ಬೆಳೆಸಿದೆ ಎಂಬುದು ನಮ್ಮ ಇನ್ನೊಂದು ಆಕ್ಷೇಪ. ಮೇಲೆ ಹೇಳಿದ ಉಳಿದ ಅರ್ಧ ದೂರು ಇದೇ. ಕಳೆದ ವರ್ಷ ಕುಡಿಯುವ ನೀರಿನ ಕೊಳವೆಗಾಗಿ ರಸ್ತೆ ಅಗೆದಾಗ, ಅಗೆತದ ಗೋಡೆಯಲ್ಲಿ ಹಳೆಯ ಡಾಂಬರಿನ ಮೇಲೆ ಮೂರು ಹೊಸ ಪದರಗಳು ಒಂದರ ಮೇಲೊಂದು ಕೂತಿರುವುದು ಸ್ಪಷ್ಟವಾಗಿ ಕಂಡಿತು. ಮೂರೂ ಸೇರಿ 12 ಸೆಂಟಿಮೀಟರ್. ಒಮ್ಮೆಯೂ ಹಳೆಯ ಪದರವನ್ನು ಕೆರೆದು ತೆಗೆದಿಲ್ಲ. ರಸ್ತೆಯ ನೀರು ಚರಂಡಿಗೆ ಇಳಿಯಲೆಂದು ಚರಂಡಿಯ ಗೋಡೆಯಲ್ಲಿ 38 ಕಿಂಡಿಗಳನ್ನು ಬಿಟ್ಟಿದ್ದರು. ಅವುಗಳಲ್ಲಿ 23 ಕಿಂಡಿಗಳು ಈಗ ಡಾಂಬರಿನ ಅಡಿಯಲ್ಲಿ ಅರ್ಧ ಅಥವಾ ಪೂರ್ತಿ ಮುಚ್ಚಿಹೋಗಿವೆ. ಹೀಗಾಗಿ ಚರಂಡಿಯಲ್ಲಿ ಜಾಗವಿರುವ ಸಣ್ಣ ಮಳೆಗೂ ರಸ್ತೆಯ ನೀರು ಅಂಚಿನಲ್ಲೇ ನಿಲ್ಲುತ್ತದೆ. ಒಳಚರಂಡಿಯ ಮ್ಯಾನ್‌ಹೋಲ್‌ಗಳ ಮುಚ್ಚಳಗಳು ರಸ್ತೆಯ ಮಟ್ಟಕ್ಕಿಂತ ಕೆಳಗೆ ಉಳಿದು ದ್ವಿಚಕ್ರ ವಾಹನ ಸವಾರರಿಗೆ ಗುಂಡಿಗಳಾಗಿವೆ, ಮಳೆ ಬಂದಾಗ ಒಳಚರಂಡಿಗೆ ನೀರು ನುಗ್ಗುವ ಬಾಗಿಲುಗಳೂ ಆಗಿವೆ. ಹಾಗೆ ನುಗ್ಗಿದ ನೀರು ತಗ್ಗಿನ ಮೂರು ಮನೆಗಳಲ್ಲಿ ಶೌಚಾಲಯದಿಂದ ಮೇಲಕ್ಕೆ ಉಕ್ಕಿದೆ. ಅದರ ವಿವರಣೆ ಇಲ್ಲಿ ಬೇಡ.

ರಸ್ತೆಯ ನಡುವಿನ ಉಬ್ಬು ಕೂಡ ಹೋಗಿದೆ. 7 ಮೀಟರ್ ಅಗಲದ ರಸ್ತೆಯಲ್ಲಿ ಮಧ್ಯದಿಂದ ಅಂಚಿಗೆ, ನೂರಕ್ಕೆ ಎರಡೂವರೆಯ ಇಳಿಜಾರು ಇಟ್ಟರೆ, ಸುಮಾರು 9 ಸೆಂಟಿಮೀಟರ್ ಇಳಿಯಬೇಕು. ಕೊನೆಯ 100 ಮೀಟರಿನಲ್ಲಿ ದಾರ ಎಳೆದು ಅಳೆದಾಗ ಎಲ್ಲಿಯೂ 3 ಸೆಂಟಿಮೀಟರಿಗಿಂತ ಹೆಚ್ಚು ಸಿಗಲಿಲ್ಲ.

ಈ ಹಿನ್ನೆಲೆಯಲ್ಲಿ ಸಂಘದ ಮೊದಲ ಮತ್ತು ಮುಖ್ಯ ಬೇಡಿಕೆ ಕಾಮಗಾರಿಯ ಅನುಕ್ರಮದ ಬಗ್ಗೆ. ಮೊದಲು ಅಡ್ಡಮೋರಿ, ಆಮೇಲೆ ಚರಂಡಿಯ ಕೊನೆಯ 100 ಮೀಟರ್, ಕಡೆಗೆ ರಸ್ತೆ. ಈಗಿನ ಪೈಪನ್ನು ತೆಗೆದು ಒಳಗೆ 1 ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರವಿರುವ ಕಾಂಕ್ರೀಟ್ ಬಾಕ್ಸ್ ಮೋರಿಯನ್ನು ಹಾಕಬೇಕು. 500ಕ್ಕೆ 1ರಷ್ಟು ಕಡಿಮೆ ಇಳಿಜಾರಿನಲ್ಲಿಯೂ, ಮೇಲೆ 15 ಸೆಂಟಿಮೀಟರ್ ಖಾಲಿ ಬಿಟ್ಟು ಹರಿದರೂ, ಅದು ಸೆಕೆಂಡಿಗೆ 800 ಲೀಟರಿಗಿಂತ ಸ್ವಲ್ಪ ಹೆಚ್ಚನ್ನೇ ಸಾಗಿಸುತ್ತದೆ. ಗಾತ್ರಕ್ಕಿಂತ ಮುಖ್ಯವಾದದ್ದು ಅದರ ತಳದ ಮಟ್ಟ. ಚರಂಡಿಯ ಏರನ್ನು ತೆಗೆಯಲು 18 ಸೆಂಟಿಮೀಟರ್, 60 ಮೀಟರಿಗೆ ಇಳಿಜಾರು ಕೊಡಲು ಇನ್ನೂ 12 ಸೆಂಟಿಮೀಟರ್, ಒಟ್ಟು 30 ಸೆಂಟಿಮೀಟರ್ ಕೆಳಗೆ ಹೊಸ ಮೋರಿ ಕೂರಬೇಕು. ಹಳೆಯ ಮಟ್ಟದಲ್ಲಿಯೇ ದೊಡ್ಡ ಮೋರಿ ಹಾಕಿದರೆ ಜೋರು ಮಳೆಯ ನೀರು ಹೋಗಬಹುದು, ಆದರೆ ತೊಟ್ಟಿ ತೊಟ್ಟಿಯಾಗಿಯೇ ಉಳಿಯುತ್ತದೆ, ರಸ್ತೆಯ ಅಡಿ ನೆನೆಯುತ್ತಲೇ ಇರುತ್ತದೆ. ಅದೇ ರೀತಿ ಚರಂಡಿಯ ಕೊನೆಯ 100 ಮೀಟರನ್ನೂ ಹೊಸ ತಳದ ಮಟ್ಟಕ್ಕೆ ಹೊಂದಿಸಿ, 1 ಮೀಟರ್ ಅಗಲಕ್ಕೆ ಮತ್ತೆ ಕಟ್ಟಬೇಕಾಗುತ್ತದೆ. ಎಲ್ಲ ಅಡ್ಡರಸ್ತೆಗಳ ನೀರೂ ಒಟ್ಟಾಗುವುದು ಅಲ್ಲಿಯೇ. ಪೂರ್ವದ ಭಾಗದ ಚರಂಡಿಯನ್ನು ಮುಟ್ಟುವ ಅಗತ್ಯವಿಲ್ಲ.

ಮೋರಿಯನ್ನು ಇಷ್ಟು ತಗ್ಗಿಸಲು ಹಳ್ಳದ ಕಡೆ ಅವಕಾಶವಿದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳ್ಳದ ತಳ ಈಗಿನ ಪೈಪಿನ ತಳಕ್ಕಿಂತ 70 ಸೆಂಟಿಮೀಟರ್ ಕೆಳಗಿದೆ. ಕಳೆದ ಎರಡು ಮಳೆಗಾಲಗಳಲ್ಲಿ ಹಳ್ಳದ ನೀರು ಏರಿದ ಗುರುತು ಪೈಪಿನ ತಳಕ್ಕಿಂತ 40 ಸೆಂಟಿಮೀಟರ್ ಕೆಳಗೆ ನಿಂತಿದೆ. ಆದ್ದರಿಂದ ಅವಕಾಶವಿದೆ, ಆದರೆ ತುಂಬ ಇಲ್ಲ. ಹೊಸ ತಳಕ್ಕೂ ಆ ಗುರುತಿಗೂ ನಡುವೆ ಉಳಿಯುವುದು ಸುಮಾರು 10 ಸೆಂಟಿಮೀಟರ್. ಮೋರಿಯಿಂದ ಕೆಳಗೆ ಹಳ್ಳದಲ್ಲಿ ಬಿದ್ದಿರುವ ಕಟ್ಟಡದ ಅವಶೇಷಗಳನ್ನು ತೆಗೆಸದಿದ್ದರೆ, ಅಥವಾ ಮುಂದೆ ಯಾರಾದರೂ ಹಳ್ಳವನ್ನು ಕಿರಿದು ಮಾಡಿದರೆ, ನೀರು ಹಿಮ್ಮುಖವಾಗಿ ಬರುತ್ತದೆ, ಆಗ ಯಾವ ಮೋರಿಯೂ ಸಹಾಯಕ್ಕೆ ಬಾರದು. ಹಳ್ಳದ ಆ ಭಾಗವನ್ನು ಶುಚಿಗೊಳಿಸುವುದನ್ನೂ ಇದೇ ಅಂದಾಜು ಪಟ್ಟಿಗೆ ಸೇರಿಸಬೇಕೆಂದು ಕೋರುತ್ತೇವೆ.

ಕುಡಿಯುವ ನೀರಿನ ಮುಖ್ಯ ಕೊಳವೆ ಅಡ್ಡಮೋರಿಯ ಪಕ್ಕದಲ್ಲಿಯೇ ಹಾದುಹೋಗಿದೆ. ಅದನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸಲು ಇನ್ನೊಂದು ಇಲಾಖೆಯ ಒಪ್ಪಿಗೆ ಬೇಕು. ಇಂಥ ಒಪ್ಪಿಗೆಗಾಗಿ ಕಾಯುತ್ತಾ ಕಾಮಗಾರಿ ನಿಂತು, ಅಗೆದ ಗುಂಡಿ ಮಳೆಗಾಲಕ್ಕೆ ಸಿಕ್ಕಿಕೊಂಡದ್ದನ್ನು ಬೇರೆ ರಸ್ತೆಯಲ್ಲಿ ನೋಡಿದ್ದೇವೆ. ನಿಜ ಹೇಳಬೇಕೆಂದರೆ, ತಮ್ಮ ನೇರ ಸಹಾಯ ನಮಗೆ ಅತ್ಯಂತ ಅಗತ್ಯವಾಗಿ ಬೇಕಿರುವುದು ಇಲ್ಲಿಯೇ. ಎರಡೂ ಇಲಾಖೆಗಳ ಎಂಜಿನಿಯರುಗಳನ್ನು ಒಂದೇ ದಿನ ಸ್ಥಳಕ್ಕೆ ಕರೆಸಿ, ಕೊಳವೆ ಸರಿಸುವ ದಿನಾಂಕವನ್ನು ಅಲ್ಲಿಯೇ ಬರೆಯಿಸುವುದು ನಮ್ಮಿಂದ ಆಗದ ಕೆಲಸ. ತಮ್ಮ ಒಂದು ಮಾತಿನಿಂದ ಆಗಬಲ್ಲದು.

ಎರಡನೆಯ ಬೇಡಿಕೆ ಹದಿನಾಲ್ಕು ತಿಂಗಳ ಹಿಂದಿನ ಡಾಂಬರಿನ ಬಗ್ಗೆ. ಮಾಹಿತಿ ಹಕ್ಕಿನಡಿ ಪಡೆದ ಕರಾರು ಪತ್ರದ ನಕಲಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎರಡು ವರ್ಷ ಎಂದಿದೆ. ಅಂದರೆ ಇನ್ನೂ ಹತ್ತು ತಿಂಗಳವರೆಗೆ ಆ ರಸ್ತೆಯ ದುರಸ್ತಿ ಗುತ್ತಿಗೆದಾರರ ಖರ್ಚಿನಲ್ಲಿಯೇ ಆಗಬೇಕು. ಅವಧಿ ಮುಗಿಯುವ ಮುನ್ನವೇ ಅದೇ ಜಾಗಕ್ಕೆ ಹೊಸ ಅಂದಾಜು ಪಟ್ಟಿ ಮಾಡಿದರೆ, ಹಳೆಯ ಹೊಣೆಯನ್ನು ನಾವೇ ಮನ್ನಾ ಮಾಡಿದಂತೆ ಆಗುತ್ತದೆ. ನೀರು ನಿಂತದ್ದು ನಮ್ಮ ಹೊಣೆಯಲ್ಲ ಎಂದು ಗುತ್ತಿಗೆದಾರರು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಕಿಂಡಿಗಳನ್ನು ಡಾಂಬರಿನಿಂದ ಮುಚ್ಚಿದ್ದು, ಮ್ಯಾನ್‌ಹೋಲ್‌ಗಳನ್ನು ಎತ್ತರಿಸದೆ ಬಿಟ್ಟದ್ದು, ನಡುವಿನ ಉಬ್ಬನ್ನು ಕೊಡದೇ ಇದ್ದದ್ದು ನೀರಿನ ತಪ್ಪಲ್ಲ. ಇವುಗಳ ಬಗ್ಗೆ ಗುತ್ತಿಗೆದಾರರಿಗೆ ಲಿಖಿತ ನೋಟಿಸ್ ಹೋಗಬೇಕು, ಮತ್ತು ಅವಧಿ ಮುಗಿಯುವವರೆಗೆ ಅವರ ಭದ್ರತಾ ಠೇವಣಿಯನ್ನು ಬಿಡುಗಡೆ ಮಾಡಬಾರದು. ಅಡ್ಡಮೋರಿ ಮುಗಿಯುವವರೆಗೆ ಗುಂಡಿಗಳನ್ನು ಮುಚ್ಚುವ ಕೆಲಸವನ್ನು ಈ ಹೊಣೆಗಾರಿಕೆಯಡಿಯೇ ಮಾಡಿಸಬಹುದು. ಗುಂಡಿ ಮುಚ್ಚುವಾಗ ಒಳಗಿನ ಕೆಸರನ್ನು ತೆಗೆದು, ಅಂಚನ್ನು ನೇರವಾಗಿ ಕತ್ತರಿಸಿ, ಒಣಗಿದ ಮೇಲೆ ಮಿಶ್ರಣ ತುಂಬಿ ಒತ್ತಬೇಕು. ಕಳೆದ ಬಾರಿ ನೀರು ತುಂಬಿದ ಗುಂಡಿಗೆ ಜಲ್ಲಿಪುಡಿ ಸುರಿದು ಹೋದರು. ಮರುದಿನ ಅದು ಚರಂಡಿಯಲ್ಲಿತ್ತು.

ಕೊನೆಗೆ ರಸ್ತೆಯ ಸರದಿ ಬಂದಾಗ ಅಂದಾಜು ಪಟ್ಟಿಯಲ್ಲಿ ಎರಡು ವಿಷಯಗಳು ಲಿಖಿತವಾಗಿರಲಿ ಎಂಬುದು ಮೂರನೆಯ ಬೇಡಿಕೆ. ಹಳೆಯ ಪದರಗಳನ್ನು ಮಿಲ್ಲಿಂಗ್ ಯಂತ್ರದಿಂದ ಕೆರೆದು ತೆಗೆದ ನಂತರವೇ ಹೊಸದನ್ನು ಹಾಸಬೇಕು, ಮತ್ತು ಮುಗಿದ ರಸ್ತೆಯ ಅಂಚು ಯಾವ ಕಿಂಡಿಯ ತಳಕ್ಕಿಂತಲೂ ಕೆಳಗೆ ಹೋಗದಂತೆಯೂ, ಕಿಂಡಿಯ ಬಾಯಿಯನ್ನು ಮುಚ್ಚುವಷ್ಟು ಮೇಲೇರದಂತೆಯೂ ಮಟ್ಟವನ್ನು ಮೊದಲೇ ಗುರುತಿಸಬೇಕು. ಕೊನೆಯ 100 ಮೀಟರಿನಲ್ಲಿ ಕೆರೆಯುವುದಷ್ಟೇ ಸಾಲದು. ನೆನೆದು ಮೆತ್ತಗಾದ ಮಣ್ಣನ್ನು ತೆಗೆದು, ಜಲ್ಲಿಯ ಅಡಿಹಾಸನ್ನು ಪದರ ಪದರವಾಗಿ ಒತ್ತಿ ಮತ್ತೆ ಕಟ್ಟಬೇಕಾಗುತ್ತದೆ. ಇದರಿಂದ ಆ ಭಾಗದ ವೆಚ್ಚ ಹೆಚ್ಚುತ್ತದೆ ಎಂಬುದು ನಮಗೆ ಗೊತ್ತು. ಗಟ್ಟಿಯಾಗಿರುವ 250 ಮೀಟರಿಗೆ ಈಗ ಡಾಂಬರು ಹಾಕದೇ ಬಿಟ್ಟು, ಆ ಹಣವನ್ನು ಇಲ್ಲಿಗೆ ಬಳಸಬಹುದು. ಅರ್ಧ ರಸ್ತೆ ಹೊಸದು, ಅರ್ಧ ಹಳೆಯದು ಎಂದು ಯಾರಾದರೂ ತಮ್ಮ ಬಳಿ ದೂರಿದರೆ, ಸಂಘವೇ ಹಾಗೆ ಕೇಳಿಕೊಂಡಿತ್ತು ಎಂದು ಈ ಪತ್ರವನ್ನು ತೋರಿಸಬಹುದು.

ಇಡೀ ರಸ್ತೆಗೆ ಕಾಂಕ್ರೀಟ್ ಹಾಕಿಸಿದರೆ ನೀರಿನ ಚಿಂತೆಯೇ ಇರುವುದಿಲ್ಲ ಎಂಬ ಸಲಹೆಯೂ ನಮ್ಮ ಸಭೆಯಲ್ಲಿ ಬಂದಿತ್ತು. ಕಾಂಕ್ರೀಟ್ ನೀರಿಗೆ ಹೆಚ್ಚು ತಾಳುತ್ತದೆ ಎಂಬುದು ನಿಜ. ಆದರೆ ಅದು ರಸ್ತೆಯನ್ನು ಇನ್ನೂ ಒಂದು ಗೇಣಿನಷ್ಟು ಎತ್ತರಿಸಿದರೆ ನೀರು ಹೋಗುವುದು ಹಳ್ಳಕ್ಕಲ್ಲ, ತಗ್ಗಿನ ಮನೆಗಳಿಗೆ. ಆ ಹದಿನಾಲ್ಕು ಮನೆಯವರ ಆಕ್ಷೇಪವನ್ನು ಒಪ್ಪಿ ಸಂಘವು ಆ ಸಲಹೆಯನ್ನು ಕೈಬಿಟ್ಟಿದೆ.

ಹೂಳಿನ ವಿಷಯದಲ್ಲಿ ನಮ್ಮ ಕೋರಿಕೆ ಚಿಕ್ಕದು. ಮಳೆಗಾಲಕ್ಕೆ ಮುನ್ನ ಹೂಳೆತ್ತಿದವರು ಅದನ್ನು ಚರಂಡಿಯ ಪಕ್ಕದಲ್ಲಿಯೇ ಗುಡ್ಡೆ ಹಾಕಿ, ಒಣಗಲಿ ಎಂದು ಬಿಟ್ಟು ಹೋಗುತ್ತಾರೆ. ಮೊದಲ ಮಳೆಗೆ ಅದರಲ್ಲಿ ಅರ್ಧ ಮತ್ತೆ ಒಳಗೆ ಇಳಿಯುತ್ತದೆ. ಎತ್ತಿದ ಹೂಳನ್ನು ಎರಡು ದಿನಗಳೊಳಗೆ ಸಾಗಿಸಿದ ಮೇಲೆಯೇ ಬಿಲ್ಲಿಗೆ ಸಹಿ ಬೀಳಬೇಕು.

ಇದರ ಜೊತೆಗೆ ನಮ್ಮ ಕಡೆಯ ತಪ್ಪುಗಳನ್ನು ಒಪ್ಪಿಕೊಳ್ಳದೆ ಇರುವುದು ಸರಿಯಲ್ಲ. ಮುಖ್ಯರಸ್ತೆಯ ಹನ್ನೊಂದು ಮನೆಗಳ ಮುಂದೆ ವಾಹನ ಹತ್ತಿಸಲೆಂದು ಚರಂಡಿಯ ಮೇಲೆ ಕಾಂಕ್ರೀಟ್ ಇಳಿಜಾರು ಕಟ್ಟಿಕೊಂಡಿದ್ದೇವೆ. ಅದರ ಕೆಳಗೆ ಕೈ ಹಾಕಲೂ ಜಾಗವಿಲ್ಲದ್ದರಿಂದ ಅಲ್ಲಿ ಹೂಳೆತ್ತುವುದು ಸಾಧ್ಯವಿಲ್ಲ. ಇದಲ್ಲದೆ ಕೆಲವು ಮನೆಗಳ ತಾರಸಿ ನೀರಿನ ಕೊಳವೆಯನ್ನು ಒಳಚರಂಡಿಯ ಛೇಂಬರಿಗೆ ಜೋಡಿಸಲಾಗಿದೆ. ತಗ್ಗಿನ ಮನೆಗಳಲ್ಲಿ ಕೊಳಚೆ ಉಕ್ಕಲು ಮ್ಯಾನ್‌ಹೋಲ್‌ಗಳಷ್ಟೇ ಇದೂ ಕಾರಣ. ಹನ್ನೊಂದರಲ್ಲಿ ಒಂಬತ್ತು ಮನೆಯವರು ಇಳಿಜಾರನ್ನು ಒಡೆದು, ಎತ್ತಬಹುದಾದ ಕಬ್ಬಿಣದ ಜಾಲರಿ ಹಾಕಿಸಲು ಲಿಖಿತವಾಗಿ ಒಪ್ಪಿದ್ದಾರೆ. ಉಳಿದ ಇಬ್ಬರೊಂದಿಗೆ ಮಾತುಕತೆ ನಡೆದಿದೆ. ತಾರಸಿ ಕೊಳವೆಗಳನ್ನು ಬಿಡಿಸುವ ಕೆಲಸವನ್ನು ಈ ತಿಂಗಳಲ್ಲಿಯೇ ಸಂಘ ಕೈಗೆತ್ತಿಕೊಂಡಿದೆ. ನಾವು ಮಾಡಬೇಕಾದ್ದನ್ನು ಮಾಡದೆ ಬರೀ ಬೇಡಿಕೆ ಮುಂದಿಟ್ಟರೆ ಎಂಜಿನಿಯರುಗಳು ಮೊದಲು ಕೈ ತೋರಿಸುವುದು ಆ ಇಳಿಜಾರುಗಳ ಕಡೆಗೇ.

ನಾವು ಬಳಸಿದ್ದು ಟ್ಯೂಬ್ ಲೆವೆಲ್ ಮತ್ತು ಟೇಪು ಮಾತ್ರ. ಆದ್ದರಿಂದ ನಮ್ಮ ಅಂಕಿಗಳನ್ನೇ ಆಧಾರವಾಗಿ ಇಟ್ಟುಕೊಂಡು ಕಾಮಗಾರಿ ಮಾಡಿ ಎಂದು ಕೇಳುತ್ತಿಲ್ಲ. ನಗರಸಭೆಯ ಎಂಜಿನಿಯರುಗಳು ಉಪಕರಣದಿಂದ ಚರಂಡಿಯ ತಳ, ಅಡ್ಡಮೋರಿಯ ಎರಡು ಬಾಯಿಗಳು, ಹಳ್ಳದ ತಳ ಮತ್ತು ರಸ್ತೆಯ ಮಟ್ಟವನ್ನು ಅಳೆದು, ಆ ಮಟ್ಟಗಳ ಪಟ್ಟಿಯನ್ನು ಅಂದಾಜು ಪಟ್ಟಿಗೆ ಲಗತ್ತಿಸಲಿ. ಇದಕ್ಕೆ ಒಂದು ದಿನ ಸಾಕು. ಮುಂದೆ ಕಾಮಗಾರಿ ಮುಗಿದಾಗಲೂ ಅದೇ ಬಿಂದುಗಳನ್ನು ಮತ್ತೆ ಅಳೆದು, ಅಳತೆ ಪುಸ್ತಕದಲ್ಲಿ ಬರೆದ ಮೇಲೆ ಹಣ ಪಾವತಿಯಾಗಲಿ. ಉದ್ದ, ಅಗಲ, ದಪ್ಪಗಳನ್ನು ಮಾತ್ರ ಅಳೆದರೆ ತಲೆಕೆಳಗಾದ ಇಳಿಜಾರಿನ ಚರಂಡಿಯೂ ಸರಿಯಾಗಿಯೇ ಕಾಣುತ್ತದೆ; ಈಗಿರುವ ಚರಂಡಿಯೂ ಹೀಗೆಯೇ ತಪಾಸಣೆಯಲ್ಲಿ ತೇರ್ಗಡೆಯಾಗಿರಬೇಕು.

ಅಡ್ಡಮೋರಿಯ ಕೆಲಸಕ್ಕೆ ರಸ್ತೆಯನ್ನು ಅಗಲದ ಅರ್ಧರ್ಧದಂತೆ ಎರಡು ಹಂತಗಳಲ್ಲಿ ಅಗೆಯಬೇಕಾಗುವುದರಿಂದಲೂ, ಕಾಂಕ್ರೀಟ್ ಗಟ್ಟಿಯಾಗಲು ಸಮಯ ಕೊಡಬೇಕಾಗುವುದರಿಂದಲೂ, ಮಳೆಗಾಲ ಶುರುವಾಗುವ ಕನಿಷ್ಠ ಎರಡೂವರೆ ತಿಂಗಳ ಮೊದಲು ಕೆಲಸ ಆರಂಭವಾಗಬೇಕು. ಅಷ್ಟರೊಳಗೆ ಆಗದಿದ್ದರೆ ಅರೆಬರೆ ಅಗೆಯುವುದು ಬೇಡ. ಮಳೆಗಾಲ ಮುಗಿದ ಮೇಲೆಯೇ ಕೈಹಾಕಲಿ. ಒಂದು ವರ್ಷ ಗುಂಡಿಗಳಲ್ಲಿ ಓಡಾಡಲು ನಾವು ಸಿದ್ಧರಿದ್ದೇವೆ. ನಾಲ್ಕನೆಯ ಪದರ ಡಾಂಬರಿಗೆ ಸಿದ್ಧರಿಲ್ಲ.

ಜಂಟಿ ಸ್ಥಳ ಪರಿಶೀಲನೆಗೆ ತಾವು ಒಂದು ದಿನಾಂಕವನ್ನು ನಿಗದಿಪಡಿಸಿ, ನಗರಸಭೆ ಮತ್ತು ಕುಡಿಯುವ ನೀರು ಸರಬರಾಜು ಇಲಾಖೆಯ ಎಂಜಿನಿಯರುಗಳಿಗೆ ಸೂಚನೆ ನೀಡಬೇಕೆಂದು ಕೋರುತ್ತೇವೆ. ಸಾಧ್ಯವಾದರೆ ಮಳೆ ಬಂದು ಎರಡು ಮೂರು ದಿನಗಳಾದ ಮೇಲೆ ಬನ್ನಿ; ಚರಂಡಿಯ ಚಪ್ಪಡಿಗಳನ್ನು ನಾವು ಮೊದಲೇ ಎತ್ತಿಸಿಟ್ಟಿರುತ್ತೇವೆ. ಪ್ರತಿ 20 ಮೀಟರಿನ ಮಟ್ಟಗಳ ಪಟ್ಟಿ, ಮುಚ್ಚಿಹೋದ ಕಿಂಡಿಗಳನ್ನು ಗುರುತಿಸಿದ ನಕ್ಷೆ, ಕರಾರು ಪತ್ರದ ನಕಲು ಮತ್ತು ಒಂಬತ್ತು ಮನೆಯವರ ಒಪ್ಪಿಗೆ ಪತ್ರಗಳನ್ನು ಇದರೊಂದಿಗೆ ಲಗತ್ತಿಸಲಾಗಿದೆ.

ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸದಸ್ಯರು
ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ

ಪ್ರತಿ: ನಗರಸಭೆಯ ಆಯುಕ್ತರಿಗೆ ಮತ್ತು ಕಾರ್ಯಪಾಲಕ ಎಂಜಿನಿಯರ್ ಅವರಿಗೆ, ಅಂದಾಜು ಪಟ್ಟಿ ಅಂತಿಮಗೊಳ್ಳುವ ಮುನ್ನ ಪರಿಶೀಲಿಸಲು.